ಯುಪಿಐ ಜಮೆಯನ್ನು ಬಿಲ್ಲಿಗೆ ತಾಳೆ ಹಾಕುವ ನನ್ನ ಪದ್ಧತಿ

ತಿಪಟೂರಿನಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ದಿನಕ್ಕೆ ಅರವತ್ತರ ಆಸುಪಾಸು ಗಿರಾಕಿಗಳು ಕ್ಯೂಆರ್‌ಗೆ ಹಣ ಹಾಕುತ್ತಾರೆ. ಆ ಜಮೆಯನ್ನೆಲ್ಲ ಒಂದೊಂದಾಗಿ ಬಿಲ್ಲಿಗೆ ತಾಳೆ ಹಾಕಿಯೇ ಅಂಗಡಿಯ ಬಾಗಿಲೆಳೆಯುತ್ತೇನೆ ಎಂದಾಗ ನಮ್ಮ ಲೆಕ್ಕ ಬರೆಯುವವರು, "ಒಟ್ಟು ಮೊತ್ತ ಸರಿ ಬಂದರೆ ಸಾಕಲ್ಲ ಸ್ವಾಮಿ, ಚಿಲ್ಲರೆ ವ್ಯಾಪಾರದಲ್ಲಿ ಇದೆಲ್ಲ ಆಗುವ ಮಾತೇ?" ಎಂದು ನಕ್ಕಿದ್ದರು. ಈಗ ಎಂಟು ತಿಂಗಳಿಂದ ಈ ಕೆಲಸ ರಾತ್ರಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿದೆ. ಅವರೇ ತಮ್ಮ ಇನ್ನಿಬ್ಬರು ಕಕ್ಷಿದಾರರನ್ನು ನನ್ನ ಬಳಿ ಕಳಿಸಿದ್ದಾರೆ.

ಮೊದಲು ಮಾಡಿದ ತಪ್ಪು ಬ್ಯಾಂಕ್ ಪಾಸ್‌ಬುಕ್ಕಿನಿಂದ ಶುರು ಮಾಡಿದ್ದು. ನಮ್ಮ ಆ್ಯಪ್ ದಿನದ ಹಣವನ್ನು ಒಟ್ಟುಗೂಡಿಸಿ ಒಂದೇ ಸಾಲಿನಲ್ಲಿ ಖಾತೆಗೆ ಹಾಕುವುದರಿಂದ ಅಲ್ಲಿ ಯಾವ ಗಿರಾಕಿಯೂ ಕಾಣುವುದಿಲ್ಲ. ಸೌಂಡ್‌ಬಾಕ್ಸಿನ ಬಾಡಿಗೆ ಹಿಡಿದ ದಿನ ಆ ಸಾಲೂ ಹೊಂದುವುದಿಲ್ಲ. ಒಮ್ಮೆ 3,450 ರೂಪಾಯಿಯ ಒಂದು ಪಾವತಿಯಲ್ಲಿ ಸುಮಾರು 80 ರೂಪಾಯಿ ಕಡಿಮೆ ಬಂದಿತ್ತು. ಎರಡು ರಾತ್ರಿ ಹುಡುಕಿದ ಮೇಲೆ ಗೊತ್ತಾಯಿತು, ಗಿರಾಕಿ ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡಿನಿಂದ ಕೊಟ್ಟಿದ್ದ. ಎರಡು ಸಾವಿರ ದಾಟಿದ ಅಂಥ ಪಾವತಿಗೆ ಶುಲ್ಕ ಹಿಡಿಯುತ್ತಾರೆ. ಅಂದಿನಿಂದ ಬಿಲ್ಲಿಗೆ ತಾಳೆ ಹಾಕುವುದು ಆ್ಯಪಿನ ವಹಿವಾಟಿನ ಪಟ್ಟಿಯನ್ನು ಮಾತ್ರ. ಬ್ಯಾಂಕಿನ ಲೆಕ್ಕವನ್ನು ಮರುದಿನ ಬೆಳಗ್ಗೆ ಬೇರೆಯಾಗಿ ನೋಡುತ್ತೇನೆ.

ಎರಡನೆಯ ಪ್ರಯತ್ನ ಹೆಸರಿನಿಂದ ಹುಡುಕುವುದು. ಸಾಮಾನು ಒಯ್ದವನು ಮೇಸ್ತ್ರಿ, ಹಣ ಬಂದದ್ದು ಮನೆ ಕಟ್ಟಿಸುತ್ತಿರುವವರ ಸೊಸೆಯ ಖಾತೆಯಿಂದ; ವಾರದಲ್ಲೇ ಕೈಬಿಟ್ಟೆ. ಹನ್ನೆರಡು ಅಂಕಿಯ ಯುಟಿಆರ್ ಸಂಖ್ಯೆಯನ್ನು ಗಿರಾಕಿಯ ಫೋನಿನಿಂದ ಬಿಲ್ಲಿಗೆ ಬರೆದುಕೊಳ್ಳುವಂತೆ ಹುಡುಗರಿಗೆ ಹೇಳಿದೆ. ಸೋಮವಾರ ಬೆಳಗ್ಗೆ ಗಲ್ಲಾದ ಮುಂದೆ ಸಾಲು ನಿಂತದ್ದನ್ನು ಕಂಡು ನಾನೇ ನಿಲ್ಲಿಸಿದೆ.

ಕೊನೆಗೆ ಕೈ ಹಿಡಿದದ್ದು ಮೊತ್ತ ಮತ್ತು ಸರದಿ. ತೊಡಕಿದ್ದದ್ದು ಒಂದೇ ಮೊತ್ತ ಪದೇ ಪದೇ ಬರುವುದರಲ್ಲಿ. ನೂರು ರೂಪಾಯಿಯ ಬಿಲ್ ದಿನಕ್ಕೆ ಏಳೆಂಟು ಇರುತ್ತವೆ. ಹಾಗಾಗಿ ಪ್ರತಿ ಮೊತ್ತಕ್ಕೂ ಅದು ಆ ದಿನ ಎಷ್ಟನೆಯ ಬಾರಿ ಬಂತು ಎಂಬ ಅಂಕಿಯನ್ನು ಅಂಟಿಸಿದೆ. ಮೊದಲ ನೂರು `100-1`, ಎರಡನೆಯದು `100-2`. ಆ್ಯಪಿನ ಪಟ್ಟಿಗೂ, ಯುಪಿಐ ಎಂದು ಗುರುತು ಹಾಕಿದ ಬಿಲ್ಲುಗಳ ಪಟ್ಟಿಗೂ ಇದೇ ಸೂತ್ರ. ಎಕ್ಸೆಲ್‌ನ ಎರಡೂ ಹಾಳೆಗಳಲ್ಲಿ ಮೊತ್ತ B ಕಾಲಮಿನಲ್ಲಿದ್ದರೆ, D ಕಾಲಮಿನ ಎರಡನೆಯ ಸಾಲಿನಲ್ಲಿ ಹೀಗೆ ಬರೆದು ಕೆಳಗಿನವರೆಗೂ ಎಳೆಯಬೇಕು:

```
=B2&"-"&COUNTIF(B$2:B2,B2)
```

ಆಮೇಲೆ, ಬಿಲ್ಲಿನ ಹಾಳೆಯ ಹೆಸರು Bills ಎಂದಿದ್ದರೆ, ಆ್ಯಪಿನ ಹಾಳೆಯ E ಕಾಲಮಿನಲ್ಲಿ:

```
=IF(COUNTIF(Bills!D:D,D2)=0,"X","")
```

ಬಿಲ್ಲಿನ ಹಾಳೆಯಲ್ಲೂ ಇದನ್ನೇ ತಿರುಗಿಸಿ ಹಾಕಿದರೆ ಜೋಡಿ ಸಿಗದವು ಎರಡೂ ಕಡೆ X ಗುರುತಿನಿಂದ ಎದ್ದು ಕಾಣುತ್ತವೆ. ನಮ್ಮ ಆ್ಯಪಿನ ಪಟ್ಟಿ ಹೊಸದು ಮೇಲೆ, ಹಳೆಯದು ಕೆಳಗೆ ಎಂಬಂತೆ ಬರುತ್ತದೆ; ಅದನ್ನು ವೇಳೆಯ ಪ್ರಕಾರ ತಿರುಗಿಸದಿದ್ದರೆ ಬೆಳಗಿನ ನೂರು ಸಂಜೆಯ ಬಿಲ್ಲಿಗೆ ಜೋಡಿಯಾಗುತ್ತದೆ.

ಮೊದಲ ರಾತ್ರಿ ಸಾವಿರ ದಾಟಿದ ಪಾವತಿಗಳಿಗೆಲ್ಲ X ಬಿದ್ದಿತ್ತು. ತಮ್ಮ, "ಅಣ್ಣಾ, ಇದಕ್ಕಿಂತ ನಿನ್ನ ಹಳೇ ನೋಟ್‌ಬುಕ್ಕೇ ವಾಸಿ" ಎಂದ. ನೋಡಿದರೆ ಆ್ಯಪಿನ ಕಡತದಲ್ಲಿ `1,240.00` ಎಂದು ಅಲ್ಪವಿರಾಮದೊಂದಿಗೆ ಬಂದದ್ದನ್ನು ಎಕ್ಸೆಲ್ ಅಂಕಿಯೆಂದು ತಿಳಿಯದೆ ಅಕ್ಷರವೆಂದು ತಿಳಿದಿತ್ತು. ಮೊತ್ತ ಕೋಶದ ಎಡಕ್ಕೆ ಅಂಟಿಕೊಂಡಿದ್ದರೆ ಇದೇ ರೋಗ. ಅಲ್ಪವಿರಾಮ ತೆಗೆದು ಅಂಕಿಯಾಗಿಸಿದ ಮೇಲೆ ಎಲ್ಲವೂ ಕೂತಿತು.

ಹೋದ ತಿಂಗಳ ಒಂದು ದಿನದ ಲೆಕ್ಕವನ್ನು ಹೇಳುತ್ತೇನೆ, ಅಂಕಿಗಳು ನೆನಪಿನಿಂದ. ಯುಪಿಐ ಗುರುತಿನ ಬಿಲ್ 60, ಮೊತ್ತ 38,420 ರೂಪಾಯಿ. ಆ್ಯಪಿನಲ್ಲಿ 62 ಜಮೆ, ಮೊತ್ತ 39,475. ಅಂದರೆ 1,055 ರೂಪಾಯಿ ಹೆಚ್ಚು, ಗಲ್ಲಾದಲ್ಲಿ ನಗದು ಬೇರೆ 440 ಹೆಚ್ಚು. ಹಳೆಯ ಕಾಲವಾಗಿದ್ದರೆ ಹೆಚ್ಚಿಗೆ ಬಂದಿದೆಯಲ್ಲ ಎಂದು ಮಲಗುತ್ತಿದ್ದೆ. 58 ತಾನಾಗಿಯೇ ಜೋಡಿಯಾದವು. ಆ್ಯಪಿನ ಕಡೆ 1,500, 2,000, 760, 480 ಉಳಿದವು. ಬಿಲ್ಲಿನ ಕಡೆ 3,200 ಮತ್ತು 485. 480 ಕೊಟ್ಟವರು 485ರ ಬಿಲ್ಲಿನವರು, ಐದು ರೂಪಾಯಿ ನಾನೇ ಬಿಟ್ಟಿದ್ದೆ. 3,200ರ ಪೈಪಿನ ಬಿಲ್ಲಿಗೆ 2,000 ಫೋನಿನಲ್ಲಿ, ಉಳಿದ 1,200 ಕೈಯಲ್ಲಿ ಬಂದಿತ್ತು. 1,500 ಹಳೆಯ ಉದ್ರಿ. 760ರ ಬಿಲ್ಲನ್ನು ಹುಡುಗ ನಗದು ಎಂದು ತಪ್ಪಾಗಿ ಗುರುತು ಮಾಡಿದ್ದ. ಈಗ ಗಲ್ಲಾ ನೋಡಿ: 1,200 ಹೆಚ್ಚಿಗೆ ಬಂದು 760 ಬಾರದೆ ಹೋದರೆ ಉಳಿಯುವುದು ಅದೇ 440. ನಗದು, ಯುಪಿಐ ಗುರುತು ಅದಲುಬದಲಾದ ತಪ್ಪು ಗಲ್ಲಾದಲ್ಲಿ ಉಲ್ಟಾ ಆಗಿ ಕಾಣಿಸಿಕೊಳ್ಳಲೇಬೇಕು. ಕಾಣದಿದ್ದರೆ ಎಲ್ಲೋ ತಪ್ಪು ಜೋಡಿ ಹಾಕಿದ್ದೇನೆ, ಇಲ್ಲವೇ ಹಣವೇ ಬಂದಿಲ್ಲ ಎಂದು ಅರ್ಥ.

ನಿಜವಾಗಿ ಹಣ ಹೋಗುವುದು ಬಿಲ್ಲಿನ ಕಡೆ X ಬಿದ್ದು, ಗಲ್ಲಾದಲ್ಲೂ ಹೆಚ್ಚುವರಿ ಇಲ್ಲದಾಗ. ಒಂದು ಸಂಜೆ ಎರಡು ನಲ್ಲಿ, ತಲಾ 350 ರೂಪಾಯಿ, ಇಬ್ಬರು ಗಿರಾಕಿಗಳು ಅಕ್ಕಪಕ್ಕ ನಿಂತು ಕೊಂಡರು. ಸೌಂಡ್‌ಬಾಕ್ಸ್ ಒಂದೇ ಬಾರಿ ಕೂಗಿತು, ಇಬ್ಬರೂ ಹೋದರು. ರಾತ್ರಿ `350-2` ಒಂಟಿಯಾಗಿ ಉಳಿಯಿತು. ಸೂತ್ರಕ್ಕೆ ಇರುವ ಮಿತಿಯೂ ಇಲ್ಲೇ: ಕೊಡದವರು ಇಬ್ಬರಲ್ಲಿ ಯಾರು ಎಂದು ಅದು ಹೇಳದು, ಮೊದಲನೆಯವರೇ ತಪ್ಪಿಸಿದ್ದರೂ ಎರಡನೆಯವರ ಬಿಲ್ಲಿಗೇ ಗುರುತು ಬೀಳುತ್ತದೆ. ಅದಕ್ಕಾಗಿ ಸೌಂಡ್‌ಬಾಕ್ಸ್ ಕೂಗಿದ ವೇಳೆಯನ್ನು ಬಿಲ್ಲಿನ ಮೂಲೆಯಲ್ಲಿ ಬರೆಯುವ ರೂಢಿ ಮಾಡಿಸಿದ್ದೇನೆ. ಆ್ಯಪಿನ ವೇಳೆಗೆ ಒಂದೆರಡು ನಿಮಿಷ ಅತ್ತಿತ್ತ ಆದರೂ ಆಳು ಸಿಕ್ಕುತ್ತಾನೆ. ಈ ರೂಢಿಗೆ ಮುಂಚೆ ತಿಂಗಳಿಗೆ ಏನಿಲ್ಲವೆಂದರೂ ಎರಡು ಸಾವಿರ ಹೀಗೆ ಹೋಗುತ್ತಿತ್ತು, ಈಗ ಇನ್ನೂರು ಮುನ್ನೂರು. ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರನ್ನು ಹಿಡಿಯಲು ಇನ್ನೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆದರೆ ಅವರೂ ಓದುತ್ತಾರೆ.

ನಡುವೆ ಬಿಲ್ಲಿನ ಮೇಲೆಯೇ ಮೊತ್ತ ಮತ್ತು ಬಿಲ್ ಸಂಖ್ಯೆ ತುಂಬಿದ ಕ್ಯೂಆರ್ ಮುದ್ರಿಸಿಯೂ ನೋಡಿದೆ. ಕ್ಯೂಆರಿನೊಳಗಿನ ಯುಪಿಐ ಕೊಂಡಿಯ ಕೊನೆಗೆ `&am=1240.00&tn=B417` ಎಂದು ಸೇರಿಸಿದರೆ ಮೊತ್ತ ತಾನಾಗಿ ತುಂಬುತ್ತದೆ. ಆದರೆ ನಮ್ಮ ಸಣ್ಣ ಪ್ರಿಂಟರಿನ ಮಸುಕು ಅಚ್ಚನ್ನು ಅರ್ಧದಷ್ಟು ಫೋನುಗಳು ಓದಲಿಲ್ಲ, ಓದಿದವುಗಳಲ್ಲೂ ಬಿಲ್ ಸಂಖ್ಯೆ ನಮ್ಮ ಪಟ್ಟಿಗೆ ಕೆಲವು ಸಲ ಮಾತ್ರ ಬಂತು. ಎರಡು ಸಾವಿರ ದಾಟಿದ ಬಿಲ್ಲಿಗೆ ಮಾತ್ರ ಈಗಲೂ ಇಟ್ಟುಕೊಂಡಿದ್ದೇನೆ.

ಜೋಡಿ ಸಿಗದೆ ಉಳಿದ ಪ್ರತಿ ಜಮೆಯ ಎದುರು ಕಾರಣ ಬರೆಯುವುದನ್ನು ತಪ್ಪಿಸುವುದಿಲ್ಲ: ಉದ್ರಿ ವಸೂಲಿ, ತಮ್ಮನ ಕೈಸಾಲ, ಮುಂಗಡ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ನೋಟಿಸುಗಳು ಬಂದಾಗ, ಕ್ಯೂಆರ್‌ಗೆ ಬಂದದ್ದೆಲ್ಲ ಮಾರಾಟವಲ್ಲ ಎಂದು ತೋರಿಸಲು ಎಷ್ಟೋ ಜನರ ಬಳಿ ಒಂದು ಸಾಲಿನ ಬರಹವೂ ಇರಲಿಲ್ಲ. ಪಟ್ಟಿಯನ್ನು ನಾನು ನಡುರಾತ್ರಿಯಿಂದ ನಡುರಾತ್ರಿಗೆ ತೆಗೆಯುವುದಿಲ್ಲ, ಬಾಗಿಲೆಳೆದ ಗಳಿಗೆಯಿಂದ ಮರುದಿನ ಬಾಗಿಲೆಳೆಯುವವರೆಗೆ ತೆಗೆಯುತ್ತೇನೆ. ರಾತ್ರಿ ಹತ್ತಕ್ಕೆ ಮನೆಯಿಂದ ಉದ್ರಿ ಹಾಕುವ ಮೇಸ್ತ್ರಿಗಳ ಹಣ ಹಾಗಾಗಿ ಮರುದಿನದ ಲೆಕ್ಕಕ್ಕೇ ಬೀಳುತ್ತದೆ.