ಚಾಂದ್ ಬೀಬಿಯ ಮದುವೆ: ಹದಿನಾಲ್ಕೋ, ಹದಿನೈದೋ?

ವಿಜಯಪುರದ ಚಾಂದ್ ಬಾವಡಿ ನೋಡಲು ಹೋದ ವರ್ಷ ನನ್ನ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅಲಿ ಆದಿಲ್ ಶಾಹನ ಕಾಲದಲ್ಲಿ, 1579ರಲ್ಲಿ ಕಟ್ಟಿದ ಬಾವಿ ಅದು. ಅವನ ಹೆಂಡತಿ ಚಾಂದ್ ಬೀಬಿಯ ಹೆಸರನ್ನೇ ಇಟ್ಟಿದ್ದಾರೆ. ಹುಡುಗಿ ಶಾಲೆಗೆ ಒಂದು ಪ್ರಬಂಧ ಬರೆಯುತ್ತಿದ್ದಳು. ಎರಡು ಕಡೆ ಓದಿದ್ದಳು. ಒಂದರಲ್ಲಿ ಮದುವೆಯಾದಾಗ ಚಾಂದ್ ಬೀಬಿಗೆ 14 ವರ್ಷ, ಇನ್ನೊಂದರಲ್ಲಿ 15.

"ಮಾಮಾ, ಇದರಾಗ ಯಾವುದು ಖರೆ?" ಅಂದಳು.

ಉತ್ತರ ಗೊತ್ತಿರಲಿಲ್ಲ. ಎರಡು ಭಾನುವಾರ ಕೂತು ಹುಡುಕಿದೆ. ಹೇಗೆ ಹುಡುಕಿದೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ವಯಸ್ಸನ್ನು ಬದಿಗಿಟ್ಟೆ. ಮದುವೆ ಯಾವಾಗ ಅನ್ನುವುದು ತಿಳಿಯದೆ ವಯಸ್ಸಿನ ಲೆಕ್ಕ ಸುಮ್ನೆ. ಆದರೆ ಆ ಕಾಲದ ಚರಿತ್ರೆಕಾರರು ರಾಜಕುಮಾರಿಯರ ಮದುವೆಯನ್ನು ಪಂಚಾಂಗ ನೋಡಿ ಬರೆದಿಟ್ಟವರಲ್ಲ. ಯುದ್ಧ, ಕೋಟೆ, ಒಪ್ಪಂದ, ಇವುಗಳ ನಡುವೆ ಮದುವೆ ಬರುತ್ತದೆ. ಹಾಗಾಗಿ ಹೊಲಕ್ಕೆ ಬೇಲಿ ಹಾಕಿದ ಹಾಗೆ ಎರಡೂ ಕಡೆ ಗಡಿ ಹಾಕಬೇಕು. ಇದಕ್ಕಿಂತ ಮುಂಚೆ ಆಗಿರಲಾರದು, ಇದರ ನಂತರವೂ ಆಗಿರಲಾರದು ಅಂತ.

ಹಿಂದಿನ ಗಡಿ ಜಗಳದಲ್ಲಿ ಸಿಕ್ಕಿತು. ಅಲಿ ಆದಿಲ್ ಶಾಹ 1558ರಲ್ಲಿ ಪಟ್ಟಕ್ಕೆ ಬಂದ. ಬಂದಕೂಡಲೇ ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹನ ಹತ್ತಿರ ಸೊಲ್ಲಾಪುರ ಮತ್ತು ಕಲ್ಯಾಣಿ ಕೋಟೆಗಳನ್ನು ಕೇಳಿದ. ಅವನು ಕೊಡಲಿಲ್ಲ. ಅಲಿ ವಿಜಯನಗರದ ರಾಮರಾಯನನ್ನು ಜೊತೆ ಮಾಡಿಕೊಂಡು ಅಹ್ಮದ್‌ನಗರದ ಮೇಲೆ ಹೋದ. ಈ ಹಗೆ 1563ರ ಸುಮಾರಿನವರೆಗೂ ನಡೆಯಿತು. ಹುಸೇನನೇ ಚಾಂದ್ ಬೀಬಿಯ ತಂದೆ. ಊರಿಗೆ ಮುತ್ತಿಗೆ ಹಾಕಿದವನಿಗೆ ಆಗಲೇ ಮಗಳನ್ನು ಕೊಟ್ಟಿರುತ್ತಾನಾ? ಸಾಧ್ಯವಿಲ್ಲ.

ಮುಂದಿನ ಗಡಿ ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತಿರುವುದೇ. ತಾಳಿಕೋಟೆ, ಅಂದರೆ ರಕ್ಕಸತಂಗಡಿ ಯುದ್ಧ ನಡೆದದ್ದು 23 ಜನವರಿ 1565ರಂದು. ಅಷ್ಟರಲ್ಲಿ ಅಲಿ ಮತ್ತು ಹುಸೇನ್ ಒಂದೇ ಪಾಳೆಯದಲ್ಲಿದ್ದರು. ಅವರನ್ನು ಒಂದು ಮಾಡಿದ್ದೇ ಈ ಮದುವೆ. ಚಾಂದ್ ಬೀಬಿ ವಿಜಯಪುರಕ್ಕೆ ಬಂದಳು, ವರದಕ್ಷಿಣೆಯಾಗಿ ಸೊಲ್ಲಾಪುರ ಕೋಟೆ ಬಂತು. ಅಲಿಯ ತಂಗಿ ಹದಿಯಾ ಸುಲ್ತಾನಾಳನ್ನು ಹುಸೇನನ ಮಗ ಮುರ್ತಜಾನಿಗೆ ಕೊಟ್ಟರು. ನಮ್ಮ ಕಡೆ ಹೇಳುವ ಸಾಟಿ ಮದುವೆ ಇದು. ಇದನ್ನು ಬರೆದ ಫರಿಶ್ತಾ ನಮ್ಮ ಊರಿನ ದರ್ಬಾರಿನಲ್ಲೇ, ಅಲಿಯ ನಂತರ ಬಂದ ಇಬ್ರಾಹಿಂನ ಆಶ್ರಯದಲ್ಲಿದ್ದವನು. ಯುದ್ಧ ಮುಗಿದು ಎಷ್ಟೋ ವರ್ಷಗಳ ನಂತರ ಬರೆದವನು ಅನ್ನುವುದು ನೆನಪಿರಬೇಕು. ಆದರೂ ಸೊಲ್ಲಾಪುರದಂಥ ಕೋಟೆ ಕೈ ಬದಲಾದದ್ದನ್ನು ದರ್ಬಾರು ಅಷ್ಟು ಬೇಗ ಮರೆಯುವುದಿಲ್ಲ.

ಹೀಗೆ ಮದುವೆ 1563 ಮತ್ತು 1565ರ ಜನವರಿ ನಡುವೆ ಬಂದು ನಿಂತಿತು. ಇಷ್ಟು ಗಟ್ಟಿ.

ಇನ್ನು ಹದಿನಾಲ್ಕು, ಹದಿನೈದರ ಮಾತು. ಇಲ್ಲಿ ನಾನು ಒಂದು ದಿನ ಪೂರ್ತಿ ಸಿಕ್ಕಿಹಾಕಿಕೊಂಡೆ. ಬಿಡಿಸಿದವರು ನಮ್ಮ ಓಣಿಯ ಉರ್ದು ಮಾಸ್ತರರು. "ಸರ್, ಹಿಜರಿ ಲೆಕ್ಕದಾಗ ಕಳೆದು ನೋಡಿರೇನ್ರಿ?" ಅಂದರು. ನೋಡಿರಲಿಲ್ಲ.

ಹಿಜರಿ ವರ್ಷ ಚಂದ್ರನದು. 354 ಅಥವಾ 355 ದಿನ ಮಾತ್ರ. ಸುಮಾರು 33 ವರ್ಷಕ್ಕೆ ಒಂದು ವರ್ಷ ಜಾಸ್ತಿ ಎಣಿಕೆಯಾಗುತ್ತದೆ. ಹಿಜರಿ ವರ್ಷ ಯಾವ ಇಸವಿಯಲ್ಲಿ ಶುರುವಾಗುತ್ತದೆ ಅನ್ನಲು ಒಂದು ಸೂತ್ರವಿದೆ:

```
ಇಸವಿ = ಹಿಜರಿ × 0.970224 + 621.5774
972 × 0.970224 + 621.5774 = 1564.635
```

ಅಂದರೆ ಹಿಜರಿ 972 ಶುರುವಾದದ್ದು 1564ರ ಆಗಸ್ಟ್‌ನಲ್ಲಿ. ಈ ಸೂತ್ರ ಈಗಿನ ಕ್ಯಾಲೆಂಡರಿನದು. ಆಗಿನ ಜೂಲಿಯನ್ ಕ್ಯಾಲೆಂಡರಿಗೆ ಹತ್ತು ದಿನ ಹಿಂದೆ ಹೋಗಬೇಕು. ಕೋಷ್ಟಕದಲ್ಲಿ ನೋಡಿದರೆ ಸರಿಯಾಗಿ 9 ಆಗಸ್ಟ್ 1564 ಸಿಗುತ್ತದೆ. ಕೋಷ್ಟಕ ಸರಿಯೋ ಅಂತ ಪರೀಕ್ಷಿಸಲು ನಾನು ಯುದ್ಧದ ದಿನವನ್ನೇ ಹಿಡಿದೆ. ಯುದ್ಧ ಜಮಾದಿ ಉಸ್ಸಾನಿ 20, 972. ವರ್ಷದ 168ನೇ ದಿನ ಅದು. ಆಗಸ್ಟ್ 9ರಿಂದ ಎಣಿಸಿದರೆ ಜನವರಿ 23ಕ್ಕೇ ಬಂದು ನಿಲ್ಲುತ್ತದೆ. ಆ ಭಾನುವಾರ ಇದು ಕೂಡಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇದರಿಂದ ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು. ಒಂದು ಹಿಜರಿ ವರ್ಷ ಎರಡು ಇಸವಿಗಳ ಮೇಲೆ ಹರಡಿರುತ್ತದೆ. 972ರ ಎದುರಿಗೆ ಬರೀ 1564 ಅಂತ ಬರೆದರೆ, ಆ ವರ್ಷದಲ್ಲಿ ನಡೆದ ಎಲ್ಲವೂ 1564 ಆಗಿಬಿಡುತ್ತದೆ, ಯುದ್ಧವೂ ಸೇರಿ. ತಿಂಗಳು ಗೊತ್ತಿಲ್ಲದಿದ್ದರೆ 1564–65 ಅಂತಲೇ ಬರೆಯಬೇಕು.

ಈಗ ವಯಸ್ಸು. ಚಾಂದ್ ಬೀಬಿ ಹುಟ್ಟಿದ್ದು 1550 ಅಂತ ಹೇಳುತ್ತಾರೆ. ಹಿಜರಿಯಲ್ಲಿ ಅದು ಹೆಚ್ಚುಕಡಿಮೆ 957. ಮದುವೆ 1564ರ ಕೊನೆಯಲ್ಲಿ, ಅಂದರೆ 972ರಲ್ಲಿ ಆಯಿತು ಅಂದುಕೊಳ್ಳಿ. ಇಸವಿಯಲ್ಲಿ ಕಳೆದರೆ 14. ಹಿಜರಿಯಲ್ಲಿ ಕಳೆದರೆ 15. ಅದೇ ಹುಡುಗಿ, ಅದೇ ಮದುವೆ! ಇದರ ಮೇಲೆ ನಮ್ಮ ಹಿರಿಯರ ಎಣಿಕೆ ಬೇರೆ. ಹದಿನಾಲ್ಕು ತುಂಬಿದವಳಿಗೆ ನನ್ನ ಅವ್ವ "ಹದಿನೈದರಾಗ ಬಿದ್ದಾಳ" ಅನ್ನುತ್ತಾಳೆ. ಹಳೆಯ ಬರಹದಲ್ಲಿ 15 ಅಂತ ಕಂಡರೆ, ತುಂಬಿದ 15 ಆಗಿರಬಹುದು, ನಡೆಯುತ್ತಿರುವ 15 ಆಗಿರಬಹುದು, ಹಿಜರಿಯ 15 ಆಗಿರಬಹುದು.

ಎರಡೂ ತುದಿಗಳನ್ನು ಹಿಡಿದು ನೋಡಿದೆ. 957ರ ಕೊನೆಯಲ್ಲಿ, ಅಂದರೆ 1551ರ ಜನವರಿಯಲ್ಲಿ ಹುಟ್ಟಿ 1563ರಲ್ಲಿ ಮದುವೆಯಾಗಿದ್ದರೆ 12 ವರ್ಷ. 1550ರ ಜನವರಿಯಲ್ಲಿ ಹುಟ್ಟಿ ಯುದ್ಧದ ಹೊತ್ತಿಗೆ ಮದುವೆಯಾಗಿದ್ದರೆ 15. ಇದರ ಜೊತೆ, 1550 ಅನ್ನುವುದೇ ಸುಮಾರಿನ ಅಂಕಿ. ಮದುವೆಯ ಕಾಲ ಗಟ್ಟಿ, ಹುಟ್ಟಿದ ವರ್ಷ ಮೆತ್ತಗೆ. ಹಾಗಿದ್ದಾಗ ಬರುವ ವಯಸ್ಸು ಮೆತ್ತಗೇ ಇರುತ್ತದೆ.

ಇಲ್ಲಿ ಜನ ಸಂಪ್ರದಾಯವನ್ನು ಎಳೆದು ತರುತ್ತಾರೆ. ಆಗ ಹುಡುಗಿಯರಿಗೆ ಹದಿಮೂರಕ್ಕೇ ಮದುವೆ, ಹಾಗಾಗಿ ಅವಳಿಗೂ ಹದಿಮೂರು ಅಂತ. ನಾನು ಇದನ್ನು ಒಪ್ಪುವುದಿಲ್ಲ. ಸಂಪ್ರದಾಯದಿಂದ ಒಂದು ವಯಸ್ಸು ಆಗ ಸಾಧ್ಯವಿತ್ತೇ ಅಂತ ಪರೀಕ್ಷಿಸಬಹುದು, ಆ ವಯಸ್ಸನ್ನೇ ಅದರಿಂದ ಹುಟ್ಟಿಸಲು ಬರುವುದಿಲ್ಲ. ಅದರಲ್ಲೂ ಇದು ರಾಜಕೀಯ ಮದುವೆ. ನಿಕಾಹ್‌ಗೆ ಹುಡುಗಿಯ ಪರವಾಗಿ ತಂದೆಯೇ ಒಪ್ಪಿಗೆ ಕೊಡಬಹುದಿತ್ತು. ಹುಡುಗಿಯ ವಯಸ್ಸಿಗಿಂತ ಸೈನ್ಯ ಯಾವಾಗ ಕೂಡಬೇಕು ಅನ್ನುವುದೇ ದಿನವನ್ನು ಗೊತ್ತು ಮಾಡಿತು. 12ರಿಂದ 15ರಲ್ಲಿ ಯಾವುದನ್ನೂ ಆ ಕಾಲದ ರೂಢಿ ತಳ್ಳಿಹಾಕುವುದಿಲ್ಲ, ಅಷ್ಟೇ.

ಮಕ್ಕಳು ಹುಟ್ಟಿದ ವರ್ಷದಿಂದ ಹಿಂದಕ್ಕೆ ಎಣಿಸುವುದು ಇನ್ನೊಂದು ದಾರಿ. ಬೇರೆ ರಾಣಿಯರಿಗೆ ಅದು ಒಳ್ಳೆಯದು. ಇಲ್ಲಿ ನಡೆಯಲಿಲ್ಲ, ಅಲಿಗೆ ಮಕ್ಕಳಿರಲಿಲ್ಲ. 1580ರಲ್ಲಿ ಅವನ ಕೊಲೆಯಾದಾಗ ಪಟ್ಟಕ್ಕೆ ಬಂದವನು ತಮ್ಮನ ಮಗ ಇಬ್ರಾಹಿಂ, ಒಂಬತ್ತು ವರ್ಷದ ಹುಡುಗ. ಅವನ ಪರವಾಗಿ ರಾಜ್ಯ ನೋಡಿಕೊಂಡ ಚಾಂದ್ ಬೀಬಿಗೆ ಆಗ ಮೂವತ್ತರ ಆಸುಪಾಸು. ಈ ಲೆಕ್ಕ 1550ಕ್ಕೆ ಹೊಂದುತ್ತದೆ, ಆದರೆ 1548ಕ್ಕೂ ಹೊಂದುತ್ತದೆ.

ಹುಡುಗಿಗೆ ಎಲ್ಲ ಹೇಳಿದೆ. ಅವಳು ಎರಡು ಸಾಲು ಬರೆದುಕೊಂಡಳು: "ಚಾಂದ್ ಬೀಬಿಯ ಮದುವೆ 1563 ಮತ್ತು 1565ರ ಜನವರಿ ನಡುವೆ ಆಯಿತು. 1550ರಲ್ಲಿ ಹುಟ್ಟಿದ್ದರೆ ಆಗ ಅವಳಿಗೆ ಸುಮಾರು 14 ವರ್ಷ." ಬರೆದು ಮುಗಿಸಿ, ನನ್ನನ್ನು ಕೇಳದೆಯೇ "ಹಿಜರಿಯಲ್ಲಿ 15" ಅಂತ ಪಕ್ಕದಲ್ಲಿ ಸೇರಿಸಿದಳು.