ಅಡ್ವಾನ್ಸ್ ಲೆಕ್ಕದಲ್ಲಿ ಮುರಿದ ಸ್ನೇಹ: ಆರು ವರ್ಷದ ನಂತರ ಮೊದಲ ಮೆಸೇಜ್ ಬರೆದದ್ದು ಹೇಗೆ

ಬೆಂಗಳೂರಿನಲ್ಲಿ ಒಂದೇ ಮನೆ ಹಂಚಿಕೊಂಡು ಬಾಳಿದ ಗೆಳೆಯರು ಮಾತು ಬಿಡುವುದು ಹೆಚ್ಚಾಗಿ ಮನೆ ಖಾಲಿ ಮಾಡುವಾಗ. ನಮ್ಮದೂ ಹಾಗೇ. ಬಾಡಿಗೆ 15,000, ಹತ್ತು ತಿಂಗಳ ಅಡ್ವಾನ್ಸ್ 1,50,000, ಇಬ್ಬರದೂ ತಲಾ 75,000. ಅವನು ನೋಟಿಸ್ ಕೊಡದೆ ನಡುವೆ ಬಿಟ್ಟು ಹೋದ. ಆಮೇಲೆ ನಾನು ಖಾಲಿ ಮಾಡಿದಾಗ ಮಾಲೀಕರು ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದರು. ಅವನ ಪಾಲಿನಲ್ಲಿ ನಾನು ಎರಡು ತಿಂಗಳ ಅರ್ಧ ಬಾಡಿಗೆ 15,000, ಪೇಂಟಿಂಗ್‌ನ ಅರ್ಧ 7,500 ಕಳೆದು 52,500 ಕೊಟ್ಟೆ. ಅವನು ಕೇಳಲು ಬಂದಾಗ ನಾಲ್ಕು ಜನರ ಮುಂದೆ ಮಾತು ಬೆಳೆಯಿತು. ಅಲ್ಲಿಂದ ಮೌನ.

ಇಂಥ ಕಡೆ ಮೊದಲು ಮಾಡಬೇಕಾದ ಕೆಲಸ ಮೆಸೇಜ್ ಬರೆಯುವುದಲ್ಲ, ಲೆಕ್ಕ ಮತ್ತು ಮಾತನ್ನು ಬೇರೆ ಬೇರೆ ಮಾಡುವುದು. ಒಂದು ಹಾಳೆಯಲ್ಲಿ ಎರಡು ಭಾಗ ಮಾಡಿಕೊಳ್ಳಿ. ಒಂದರಲ್ಲಿ ಹಣ: ಯಾರಿಂದ ಯಾರಿಗೆ ಎಷ್ಟು ಬಂತು, ಯಾವುದು ನ್ಯಾಯ. ಎರಡನೆಯದರಲ್ಲಿ ಆಡಿದ ಮಾತು, ಆಡಿದ ಹಾಗೇ. ನಮ್ಮ ಲೆಕ್ಕದಲ್ಲಿ ಪೇಂಟಿಂಗ್‌ನ ಅರ್ಧ ಸರಿಯೇ ಇತ್ತು. ಆದರೆ ಅವನು ಹೋದ ಒಂದು ತಿಂಗಳಿಗೆ ಬೇರೊಬ್ಬ ಬಂದು ಬಾಡಿಗೆ ಕೊಟ್ಟಿದ್ದ, ಹಾಗಾಗಿ ಎರಡನೇ ತಿಂಗಳ 7,500 ಹಿಡಿದದ್ದು ಸಲ್ಲದು. ಮಾತಿನ ಭಾಗದಲ್ಲಿ ಒಂದೇ ಸಾಲು: “ದುಡ್ಡು ನುಂಗಿ ಓಡಿ ಹೋಗೋನು.” ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ, ಆರು ವರ್ಷ ದೂರ ಇಡುವ ಶಕ್ತಿ 7,500 ರೂಪಾಯಿಗೆ ಇಲ್ಲ, ಆ ಮಾತಿಗೆ ಇದೆ. ಹಣದಿಂದಲೇ ಶುರು ಮಾಡುವವರು ಎಡವುವುದು ಇಲ್ಲೇ. ಮುನ್ಸೂಚನೆ ಇಲ್ಲದೆ ಯುಪಿಐನಲ್ಲಿ ಬಾಕಿ ಹಾಕಿಬಿಟ್ಟರೆ “ಋಣ ತೀರಿತು, ಇನ್ನು ಸಂಬಂಧವಿಲ್ಲ” ಎಂದ ಹಾಗಾಗುತ್ತದೆ.

ಮುಂದಿನದು ನಂಬರ್. ಬಂದ್ ಆದ ಮೊಬೈಲ್ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು, ಹಾಗಾಗಿ ಹಳೆಯ ನಂಬರ್ ಅವನದೇ ಎಂದು ನಂಬುವ ಹಾಗಿಲ್ಲ. ಯುಪಿಐ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಬ್ಯಾಂಕಿನಲ್ಲಿರುವ ಹೆಸರು ಕಾಣುತ್ತದೆ, ಅಲ್ಲಿಗೇ ನಿಲ್ಲಿಸಿ, ಪರೀಕ್ಷೆಗೆಂದು ಒಂದು ರೂಪಾಯಿಯನ್ನೂ ಕಳಿಸಬೇಡಿ. ನಂಬರ್ ಬದಲಾಗಿದ್ದರೆ ಇಬ್ಬರಿಗೂ ಬೇಕಾದ ಸ್ನೇಹಿತನನ್ನು ಕೇಳಬಹುದು, ಆದರೆ ಹೀಗೆ: “ಅವನನ್ನ ಕೇಳಿ, ಒಪ್ಪಿದರೆ ಮಾತ್ರ ನಂಬರ್ ಕೊಡು.” ಇದಕ್ಕಿಂತ ಹೆಚ್ಚು ಆ ಸ್ನೇಹಿತನಿಂದ ಮಾಡಿಸಬೇಡಿ. ರಾಜಿ ಪಂಚಾಯ್ತಿಗೆ ಅವನನ್ನು ಕೂರಿಸಿದರೆ ಹಳೆಯ ನಾಲ್ಕು ಜನರ ಮುಂದಿನ ಸೀನ್ ಮತ್ತೆ ಶುರುವಾಗುತ್ತದೆ.

ಫೋನ್ ಮಾಡುವುದು ಧೈರ್ಯದ ಕೆಲಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಫೀಸಿನಲ್ಲೋ ಬಸ್ಸಿನಲ್ಲೋ ಇರುವವನು ಆ ಕ್ಷಣಕ್ಕೇ ಏನಾದರೂ ಹೇಳಲೇಬೇಕಾಗುತ್ತದೆ, ಸಿದ್ಧವಿಲ್ಲದ ಬಾಯಿಗೆ ಮೊದಲು ಬರುವುದು ಹಳೆಯ ಸಿಟ್ಟೇ. ಬರೆದದ್ದಾದರೆ ಅವನು ನಾಲ್ಕು ಸಲ ಓದಬಹುದು. ಹಬ್ಬದ ದಿನವೂ ಬೇಡ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡುವ ಸಂಕ್ರಾಂತಿ ಇದಕ್ಕೆ ಹೇಳಿ ಮಾಡಿಸಿದ ದಿನ ಅನ್ನಿಸುತ್ತದೆ, ಆದರೆ ಆವತ್ತು ಬರುವ ರಾಶಿ ಫಾರ್ವರ್ಡ್‌ಗಳ ನಡುವೆ ನಿಮ್ಮದೂ ಒಂದಾಗಿ ಹೋಗುತ್ತದೆ. ಸುಮ್ಮನೆ ಒಂದು ವಾರದ ದಿನ, ರಾತ್ರಿ ಊಟದ ಹೊತ್ತಿಗೆ ಮುಂಚೆ ಕಳಿಸಿ. ತಡರಾತ್ರಿ ಬಂದ ಕ್ಷಮಾಪಣೆ ಕುಡಿದು ಬರೆದಂತೆ ಕಾಣುತ್ತದೆ.

ಬರೆಯುವುದು ಏನನ್ನು? 2016ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು ಕ್ಷಮಾಪಣೆಯ ಆರು ಭಾಗಗಳನ್ನು ಬಿಡಿಸಿ ಯಾವುದಕ್ಕೆ ಎಷ್ಟು ಬೆಲೆ ಎಂದು ನೋಡಿದರು. ಹೆಚ್ಚು ತೂಕ ಬಂದದ್ದು “ತಪ್ಪು ನನ್ನದು” ಎಂದು ಒಪ್ಪಿಕೊಳ್ಳುವುದಕ್ಕೆ, ಅದರ ನಂತರ ಹಾನಿ ಸರಿಪಡಿಸುತ್ತೇನೆ ಎನ್ನುವುದಕ್ಕೆ. “ಕ್ಷಮಿಸಿಬಿಡು” ಎಂದು ಬೇಡುವುದು ಕೊನೆಯ ಸ್ಥಾನದಲ್ಲಿತ್ತು. ನಾವು ಸಾಮಾನ್ಯವಾಗಿ ಬರೆಯುವುದು ಇದಕ್ಕೆ ಉಲ್ಟಾ. ನಾನು ಕೊನೆಗೆ ಕಳಿಸಿದ್ದು ಇಷ್ಟು, ಮೇಲೆ ಇಬ್ಬರ ಹೆಸರು ಇತ್ತು:

“ಮನೆ ಖಾಲಿ ಮಾಡಿದಾಗ ಎಲ್ಲರ ಮುಂದೆ ನಿನ್ನನ್ನ ದುಡ್ಡು ನುಂಗಿ ಓಡಿ ಹೋಗೋನು ಅಂದೆ. ಅದು ಸುಳ್ಳು, ಅನ್ನಬಾರದಾಗಿತ್ತು. ಲೆಕ್ಕದಲ್ಲೂ ಒಂದು ತಿಂಗಳ ಬಾಡಿಗೆ 7,500 ಹೆಚ್ಚಿಗೆ ಹಿಡಿದಿದ್ದೆ, ಅದು ನಿನಗೆ ಸೇರಬೇಕು. ಉತ್ತರ ಬರೀಲೇಬೇಕು ಅಂತೇನಿಲ್ಲ. ಬರೆದರೆ ಖುಷಿ ಆಗುತ್ತೆ.”

ಮೊದಲ ಕರಡಿನಿಂದ ಮೂರು ಸಾಲು ಹೊಡೆದು ಹಾಕಿದ್ದೆ. “ನನ್ನಿಂದ ಏನಾದರೂ ತಪ್ಪಾಗಿದ್ದರೆ” ಎಂಬುದು ತಪ್ಪೇ ಆಗಿಲ್ಲವೇನೋ ಎಂಬ ಅನುಮಾನವನ್ನು ಅವನ ತಲೆಗೆ ಕಟ್ಟುತ್ತದೆ. “ಇಬ್ಬರದೂ ತಪ್ಪಿತ್ತು” ನಿಜವೇ ಇರಬಹುದು, ನೋಟಿಸ್ ಕೊಡದೆ ಹೋದವನು ಅವನೇ, ಆದರೆ ಅದನ್ನು ಹೇಳಬೇಕಾದವನೂ ಅವನೇ. “ಆಗ ನನಗೆ ಕೆಲಸ ಹೋಗಿತ್ತು” ಕಾರಣದಂತೆ ಕಾಣದೆ ಸಬೂಬಿನಂತೆ ಕಾಣುತ್ತದೆ, ಕೇಳಿದರೆ ಆಮೇಲೆ ಹೇಳಬಹುದು. ಸಂಬೋಧನೆಯಲ್ಲೂ ಜೋಕೆ. ನೇರ “ಲೋ ಮಗಾ” ಎಂದರೆ ಏನೂ ನಡೆದೇ ಇಲ್ಲವೆಂಬಂತೆ, “ನೀವು” ಎಂದರೆ ಲಾಯರ್ ನೋಟಿಸ್‌ನಂತೆ. ಹೆಸರು ಹಿಡಿದು “ನೀನು” ಎಂದರೆ ಸಾಕು. ಹಳೆಯ ಫೋಟೊ ಲಗತ್ತಿಸುವ ಆಸೆಯೂ ಬರುತ್ತದೆ, ಬೇಡ. ಅದು ಉತ್ತರ ಕೊಡಲೇಬೇಕಾದ ಒತ್ತಡ ಹಾಕುತ್ತದೆ.

ವಾಟ್ಸಾಪ್‌ನಲ್ಲಿ ಒಂದೇ ಬೂದು ಟಿಕ್ ದಿನಗಟ್ಟಲೆ ನಿಂತರೆ ಫೋನ್ ಆಫ್ ಇರಬಹುದು, ಆ ನಂಬರಿನಲ್ಲಿ ವಾಟ್ಸಾಪ್ ಬಳಸದೇ ಇರಬಹುದು, ಬ್ಲಾಕ್ ಮಾಡಿರಲೂಬಹುದು. ಅದರ ಜೊತೆಗೆ ಪ್ರೊಫೈಲ್ ಫೋಟೊ, ಲಾಸ್ಟ್ ಸೀನ್ ಎರಡೂ ಕಾಣದಿದ್ದರೆ ಬ್ಲಾಕ್ ಸಾಧ್ಯತೆ ಹೆಚ್ಚು. ಆಗ ಬೇರೆ ನಂಬರಿನಿಂದ ಕಳಿಸುವುದು ಬಾಗಿಲು ಹಾಕಿದ ಮನೆಗೆ ಕಿಟಕಿಯಿಂದ ನುಗ್ಗಿದ ಹಾಗೆ. ಎರಡು ಟಿಕ್ ಬಿದ್ದು ಉತ್ತರವಿಲ್ಲದಿದ್ದರೆ ಅವನು ಓದಿದ್ದಾನೆ ಎಂದೇ ಇಟ್ಟುಕೊಳ್ಳಿ, ನೀಲಿ ಟಿಕ್ ಆಫ್ ಮಾಡಿಕೊಂಡವರು ಬೇಕಾದಷ್ಟಿದ್ದಾರೆ. “ನೋಡಿದೆಯಾ?” ಎಂದು ಮತ್ತೆ ಕೇಳಿದರೆ “ಉತ್ತರ ಬರೀಲೇಬೇಕು ಅಂತೇನಿಲ್ಲ” ಎಂದದ್ದು ಸುಳ್ಳಾಗುತ್ತದೆ.

ಉತ್ತರ ಬಂದರೆ ಅದು ಸಿಹಿಯಾಗಿಯೇ ಇರಬೇಕೆಂದಿಲ್ಲ. “ಪರವಾಗಿಲ್ಲ ಬಿಡು” ಎಂದಷ್ಟೇ ಬಂದರೆ ಹೆಚ್ಚಾಗಿ ಮಾತು ಮುಗಿಸುವ ಸೂಚನೆ, “ಓದಿದ್ದಕ್ಕೆ ಥ್ಯಾಂಕ್ಸ್” ಎಂದು ನಿಲ್ಲಿಸಿ. ಉದ್ದದ ಬೈಗುಳದ ವಾಯ್ಸ್ ಮೆಸೇಜ್ ಬಂದರೆ ನನ್ನ ಲೆಕ್ಕದಲ್ಲಿ ಅದು ಅದಕ್ಕಿಂತ ಒಳ್ಳೆಯ ಲಕ್ಷಣ, ಸಂಬಂಧ ಬೇಡದವನು ಅಷ್ಟು ಹೊತ್ತು ಮಾತಾಡುವುದಿಲ್ಲ. ಪೂರ್ತಿ ಕೇಳಿ. ಒಂದೊಂದೇ ಮಾತಿಗೆ ಸಮಜಾಯಿಷಿ ಕೊಡುತ್ತ ಹೋದರೆ ಮತ್ತೆ ಜಗಳವೇ. ಅದರಲ್ಲಿ ನಿಮಗೆ ಗೊತ್ತೇ ಇರದ ಒಂದು ವಿಷಯ ಸಿಕ್ಕರೆ ಅದನ್ನು ಮಾತ್ರ ಹಿಡಿದು ಉತ್ತರಿಸಿ. ನನಗೆ ಸಿಕ್ಕಿದ್ದು, ಆ ಮಾತು ಅವನ ಅಣ್ಣನ ಕಿವಿಗೂ ಬಿದ್ದಿತ್ತೆಂಬುದು.

ಅದಾದರೆ ಲೆಕ್ಕ ಸರಿಪಡಿಸುವ ಕೆಲಸ ಬರೀ ಹಣದ್ದಲ್ಲ. ಮಾತು ಎಲ್ಲೆಲ್ಲಿ ಹರಡಿದೆಯೋ ಅಲ್ಲಲ್ಲಿ ಹಿಂದಕ್ಕೆ ತೆಗೆದುಕೊಳ್ಳಬೇಕು, ಅವನು ಒಪ್ಪಿದರೆ ಮಾತ್ರ. ಕೆಲವರಿಗೆ ಆ ವಿಷಯ ಮನೆಯಲ್ಲಿ ಮತ್ತೆ ಎತ್ತುವುದೇ ಬೇಡ.

ಮೊದಲ ಭೇಟಿಗೆ ಮನೆ ಬೇಡ, ಬಾರ್ ಅಂತೂ ಬೇಡವೇ ಬೇಡ. ಇಬ್ಬರ ದಾರಿಯಲ್ಲೂ ಸಿಗುವ ಒಂದು ದರ್ಶಿನಿ ಸಾಕು, ನಿಂತು ಬೈಟು ಕಾಫಿ ಕುಡಿದರೆ ಇಪ್ಪತ್ತು ನಿಮಿಷ, ಮಾತು ಚೆನ್ನಾಗಿ ಹೋದರೆ ಇನ್ನೊಂದು ಕಾಫಿ, ಹೋಗದಿದ್ದರೆ ಯಾರೂ ಎದ್ದು ಹೋದಂತಾಗುವುದಿಲ್ಲ. ಹಣವನ್ನು ಅಲ್ಲಿ ಕೈಯಲ್ಲಿ ಹಿಡಿದು ಕೊಡಬೇಡಿ. ಯಾವ ನಂಬರಿಗೆ ಹಾಕಲಿ ಎಂದು ಕೇಳಿ, ಅವನು ಹೇಳಿದ ಮೇಲೆ ಹಾಕಿ, ಷರಾದಲ್ಲಿ “ಬಾಡಿಗೆ ಬಾಕಿ” ಎಂದಷ್ಟೇ ಬರೆಯಿರಿ. “ಬೇಡ ಬಿಡು” ಎಂದರೆ ಇನ್ನೊಮ್ಮೆ ಕೇಳಿ, ಆಗಲೂ ಬೇಡವೆಂದರೆ ಒಪ್ಪಿಕೊಳ್ಳಿ.