ನಾಲ್ಕು ಜನ, ಒಂದು ಕಾರು: ಪೆಟ್ರೋಲ್, ಟೋಲ್, ಸವಕಳಿ ಹಂಚಿಕೊಂಡ ಬಗೆ

ಚನ್ನಪಟ್ಟಣದಿಂದ ಬೆಂಗಳೂರಿನ ಆಫೀಸಿಗೆ ನಾವು ನಾಲ್ಕು ಜನ ನನ್ನ ಕಾರಿನಲ್ಲಿ ಹೋಗಿಬರುತ್ತೇವೆ. ನಾನು ಮತ್ತು ಒಬ್ಬ ಸಹೋದ್ಯೋಗಿ ಚನ್ನಪಟ್ಟಣದವರು. ಇನ್ನಿಬ್ಬರು ರಾಮನಗರದಲ್ಲಿ ಹತ್ತುತ್ತಾರೆ. ಚನ್ನಪಟ್ಟಣದಿಂದ ರಾಮನಗರಕ್ಕೆ ಹಳೇ ರಸ್ತೆಯಲ್ಲಿ ಸುಮಾರು 12 ಕಿ.ಮೀ., ಅಲ್ಲಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ಆಫೀಸಿಗೆ ಸುಮಾರು 48. ಹೋಗಿಬರಲು ಒಟ್ಟು 120 ಕಿ.ಮೀ.

ಇಂಥ ಗುಂಪುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಒಂದೇ ಲೆಕ್ಕ: ಪೆಟ್ರೋಲ್ ಹಾಕಿಸಿದ ದುಡ್ಡನ್ನು ತಲೆಗೆ ಇಷ್ಟು ಅಂತ ಭಾಗ ಮಾಡುವುದು. ಇದರಲ್ಲಿ ಕಾರಿನ ಯಜಮಾನನಿಗೆ ನಷ್ಟ, ಆದರೆ ಅದು ತಕ್ಷಣ ಕಾಣುವುದಿಲ್ಲ. ತಿಂಗಳಿಗೆ 22 ದಿನ ಅಂದರೆ 2,640 ಕಿ.ಮೀ. ಆಯಿತು. 40,000 ಕಿ.ಮೀ. ಬಾಳುವ ಟೈರು ಹದಿನೈದು ತಿಂಗಳಿಗೆ ಮುಗಿಯುತ್ತದೆ. 10,000 ಕಿ.ಮೀ.ಗೊಮ್ಮೆ ಮಾಡಿಸುವ ಸರ್ವಿಸ್ ನಾಲ್ಕು ತಿಂಗಳೊಳಗೆ ಬಂದು ನಿಲ್ಲುತ್ತದೆ. ಆ ಬಿಲ್ ಬರುವ ದಿನ ಜೊತೆಯವರು ಯಾರೂ ಗ್ಯಾರೇಜಿನಲ್ಲಿ ಇರುವುದಿಲ್ಲ, ಅಲ್ವಾ? ಹಾಗಾಗಿ ನಾವು ಮೊದಲೇ ಕೂತು ಕಿಲೋಮೀಟರಿಗೆ ಇಷ್ಟು ಅಂತ ಒಂದು ದರ ಕಟ್ಟಿಕೊಂಡೆವು.

ಪೆಟ್ರೋಲಿನದು ಸುಲಭ. ಆದರೆ ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ನಾನು ನಂಬುವುದಿಲ್ಲ, ಎಷ್ಟೋ ಕಾರುಗಳಲ್ಲಿ ಅದು ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಒಂದೇ ಬಂಕಿನಲ್ಲಿ ಗನ್ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಒಂದು ವಾರ ಆಫೀಸಿಗೆ ಓಡಿಸಿ, ಮತ್ತೆ ಅಲ್ಲೇ ಹಾಗೇ ತುಂಬಿಸಿದೆ. ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿಸಿದ ಲೀಟರಿನಿಂದ ಭಾಗಿಸಿದರೆ ನಿಜವಾದ ಮೈಲೇಜ್ ಸಿಗುತ್ತದೆ. ನಾಲ್ಕು ಜನ ಕೂತು, ಎ.ಸಿ. ಹಾಕಿ, ನಗರದ ಟ್ರಾಫಿಕ್ಕೂ ಸೇರಿ ನಮ್ಮ ಕಾರಿಗೆ 15 ಬರುತ್ತದೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂತ ಹಿಡಿದರೆ ಕಿ.ಮೀ.ಗೆ ಸುಮಾರು 6.90. ಈ ಅಳತೆಯನ್ನು ಮೂರು ತಿಂಗಳಿಗೊಮ್ಮೆ ಮತ್ತೆ ಮಾಡುತ್ತೇವೆ. ಮೈಲೇಜ್ ಇದ್ದಕ್ಕಿದ್ದಂತೆ ಒಂದೆರಡು ಕಿ.ಮೀ. ಇಳಿದಿದ್ದರೆ ದರ ಏರಿಸುವ ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್ ನೋಡಿಸುವುದು ನನ್ನ ಕೆಲಸ. ನನ್ನ ಕಾರಿನ ಆರೈಕೆ ಕಡಿಮೆಯಾಗಿದ್ದಕ್ಕೆ ಜೊತೆಯವರು ಯಾಕೆ ದುಡ್ಡು ಕೊಡಬೇಕು?

ಸವಕಳಿಯ ಲೆಕ್ಕದಲ್ಲಿ ಯೋಚನೆ ಜಾಸ್ತಿ ಬೇಕು. ಇಲ್ಲಿ ನಾನು ಎಲ್ಲದಕ್ಕೂ ಒಂದೇ ಪ್ರಶ್ನೆ ಕೇಳಿಕೊಂಡೆ: ಕಾರು ಮನೆ ಮುಂದೆ ಸುಮ್ನೆ ನಿಂತಿದ್ದರೂ ಈ ಖರ್ಚು ಬರುತ್ತಿತ್ತೇ? ಬರುತ್ತಿದ್ದರೆ ಅದು ನನ್ನದು. ವಿಮೆ, ರಸ್ತೆ ತೆರಿಗೆ, ಸಾಲದ ಬಡ್ಡಿ ಎಲ್ಲ ನನ್ನದು. ಬ್ಯಾಟರಿ ಕೂಡ ಓಡಾಟಕ್ಕಿಂತ ಹೆಚ್ಚಾಗಿ ವರ್ಷಗಳ ಲೆಕ್ಕದಲ್ಲಿ ಹೋಗುವುದರಿಂದ ಅದನ್ನೂ ನನ್ನ ಪಾಲಿಗೆ ಇಟ್ಟುಕೊಂಡೆ. ಓಡಿದ್ದರಿಂದಲೇ ಬರುವ ಖರ್ಚು ಮಾತ್ರ ಹಂಚಿಕೆಗೆ.

ನಾಲ್ಕು ಟೈರಿಗೆ 22,000 ರೂಪಾಯಿ, ಬಾಳಿಕೆ 40,000 ಕಿ.ಮೀ., ಅಂದರೆ ಕಿ.ಮೀ.ಗೆ 55 ಪೈಸೆ. 10,000 ಕಿ.ಮೀ.ಗೆ ಒಂದು ಸರ್ವಿಸ್, 7,000 ರೂಪಾಯಿ ಅಂದರೆ 70 ಪೈಸೆ. ಬ್ರೇಕ್ ಪ್ಯಾಡ್, ಕ್ಲಚ್, ಸಸ್ಪೆನ್ಷನ್ ಬುಷ್ ಇಂಥವಕ್ಕೆ ನಮ್ಮ ಗ್ಯಾರೇಜಿನವರ ಹತ್ತಿರ ಕೂತು ಮಾತಾಡಿ 45 ಪೈಸೆ ಇಟ್ಟೆವು. ಇನ್ನು ಮಾರುವಾಗ ಬೆಲೆ ಇಳಿಯುವ ಮಾತು. ಇದಕ್ಕೆ ನಾನು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ನೋಡಿದೆ. ಒಂದೇ ಮಾಡೆಲ್, ಒಂದೇ ವರ್ಷದ ಎರಡು ಕಾರು ಹುಡುಕಿ. ಒಂದು 60,000 ಕಿ.ಮೀ. ಓಡಿರಲಿ, ಇನ್ನೊಂದು ಒಂದು ಲಕ್ಷ. ಎರಡಕ್ಕೂ ಕೇಳುವ ಬೆಲೆಯ ನಡುವಿನ ಅಂತರ 40,000 ರೂಪಾಯಿ ಇದ್ದರೆ, ಬರೀ ಓಡಾಟದಿಂದ ಇಳಿದ ಬೆಲೆ ಕಿ.ಮೀ.ಗೆ ಒಂದು ರೂಪಾಯಿ. ವರ್ಷ ಕಳೆದಿದ್ದಕ್ಕೆ ಇಳಿಯುವ ಬೆಲೆ ಇದರಲ್ಲಿ ಸೇರುವುದಿಲ್ಲ, ಸೇರಬಾರದು ಕೂಡ. ಎಲ್ಲ ಕೂಡಿದರೆ ಸವಕಳಿ 2.70. ಪೆಟ್ರೋಲ್ ಜೊತೆ ಸೇರಿ ಕಿ.ಮೀ.ಗೆ 9.60.

ಡ್ರೈವ್ ಮಾಡುವ ನನ್ನ ಶ್ರಮಕ್ಕೆ ಏನೂ ಹಾಕಿಲ್ಲ. "ಸರ್, ದಿನಾ ನೀವೇ ಓಡಿಸ್ತೀರಿ, ಅದಕ್ಕೂ ಏನಾದ್ರೂ ಹಾಕಿ" ಅಂತ ರಾಮನಗರದ ಮೇಡಂ ಹೇಳಿದ್ದರು. ನಾನು ಒಪ್ಪಲಿಲ್ಲ. ನನ್ನದು ಬಿಳಿ ಬೋರ್ಡ್ ಕಾರು. ಖಾಸಗಿ ಕಾರಿನ ವಿಮೆ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಿದರೆ ರಕ್ಷಣೆ ಇಲ್ಲ ಅಂತ ಬರೆದಿರುತ್ತದೆ. ಖರ್ಚು ಹಂಚಿಕೊಳ್ಳುವುದು ಬೇರೆ, ದುಡ್ಡು ಉಳಿಸಿಕೊಳ್ಳುವುದು ಬೇರೆ. ಅದಕ್ಕೇ ನನ್ನ ಪಾಲನ್ನೂ ಎಲ್ಲರಷ್ಟೇ ಲೆಕ್ಕಕ್ಕೆ ಹಾಕುತ್ತೇನೆ, ಒಟ್ಟು ವಸೂಲಿ ಖರ್ಚನ್ನು ಎಂದೂ ದಾಟುವುದಿಲ್ಲ. ಬದಲಿಗೆ ನನಗೆ ಒಂದು ಅನುಕೂಲ ಕೇಳಿಕೊಂಡೆ: ಯಾರ ಮನೆ ಬಾಗಿಲಿಗೂ ಹೋಗುವುದಿಲ್ಲ, ಎಲ್ಲರೂ ಹಳೇ ರಸ್ತೆಗೆ ಬಂದು ಹತ್ತಬೇಕು. ಇನ್ನೊಂದು ಮಾತು, ಜನರನ್ನು ಕೂರಿಸಿಕೊಳ್ಳುವವರು ಬರೀ ಥರ್ಡ್ ಪಾರ್ಟಿ ವಿಮೆ ಮೇಲೆ ಓಡಿಸಬೇಡಿ. ಪ್ಯಾಕೇಜ್ ಪಾಲಿಸಿ ಇರಲಿ.

ಟೋಲ್ ಬಗ್ಗೆ ಬರೋಣ. ಬೆಂಗಳೂರು ಕಡೆ ಹೋಗುವಾಗ ಒಂದು, ವಾಪಸ್ ಬರುವಾಗ ಒಂದು, ಹೀಗೆ ದಿನಕ್ಕೆ ಎರಡು ಸಲ ಗೇಟ್ ದಾಟುತ್ತೇವೆ. ಪಾಸ್ ಇಲ್ಲದಿದ್ದರೆ ಒಂದೊಂದು ಬದಿಗೂ ನೂರು ರೂಪಾಯಿಗಿಂತ ಜಾಸ್ತಿ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತು. ಶುರುವಾದಾಗ 3,000 ರೂಪಾಯಿ. ರಾಜಮಾರ್ಗಯಾತ್ರಾ ಆ್ಯಪ್‌ನಲ್ಲಿ ಮಾಡಿಸಿಕೊಳ್ಳಬಹುದು. ಹೆಸರು ವಾರ್ಷಿಕ ಅಂತ ಇದ್ದರೂ 200 ಟ್ರಿಪ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅಲ್ಲಿಗೆ ಅದು ಮುಗಿಯುತ್ತದೆ. ನಮ್ಮ ರಸ್ತೆಯಲ್ಲಿ ಗೇಟ್ ಒಂದು ಸಲ ದಾಟಿದರೆ ಒಂದು ಟ್ರಿಪ್. ತಿಂಗಳಿಗೆ 44 ಟ್ರಿಪ್ ಹೋಗುವ ನಮಗೆ ಅದು ನಾಲ್ಕೂವರೆ ತಿಂಗಳು ಬರುತ್ತದೆ. ಆದ್ದರಿಂದ ಪಾಸಿನ ದುಡ್ಡನ್ನು ಹನ್ನೆರಡು ತಿಂಗಳಿಗೆ ಭಾಗ ಮಾಡಿದರೆ ಲೆಕ್ಕ ತಪ್ಪುತ್ತದೆ. 3,000ವನ್ನು 200ರಿಂದ ಭಾಗಿಸಬೇಕು. ಗೇಟ್ ದಾಟಿದ್ದಕ್ಕೆ 15 ರೂಪಾಯಿ, ದಿನಕ್ಕೆ 30.

ಹೀಗೆ ಮಾಡಿದರೆ ಇನ್ನೊಂದು ತಕರಾರೂ ತಾನಾಗೇ ಬಗೆಹರಿಯುತ್ತದೆ. ಭಾನುವಾರ ನಾನು ಮನೆಯವರ ಜೊತೆ ಬೆಂಗಳೂರಿಗೆ ಹೋದರೂ ಅದೇ ಪಾಸಿನಲ್ಲಿ ಟ್ರಿಪ್ ಕಡಿಮೆಯಾಗುತ್ತದೆ. ಆ 30 ರೂಪಾಯಿ ನನ್ನದು, ಗುಂಪಿನ ಲೆಕ್ಕಕ್ಕೆ ಬರುವುದಿಲ್ಲ. ಪಾಸ್ ಒಂದೇ ಕಾರಿಗೆ ಕಟ್ಟಿರುತ್ತದೆ ಅನ್ನುವುದೂ ನೆನಪಿರಲಿ. ವಾರಕ್ಕೊಬ್ಬರ ಕಾರು ಅಂತ ಸರದಿ ಮಾಡುವವರು ಪ್ರತಿ ಕಾರಿಗೂ ಬೇರೆ ಪಾಸ್ ಮಾಡಿಸಬೇಕು. ಮತ್ತೆ, ಇದು ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳ ಗೇಟುಗಳಿಗೆ ಮಾತ್ರ. ರಾಜ್ಯ ಹೆದ್ದಾರಿಯ ಟೋಲ್ ಇದ್ದರೆ ಅದನ್ನು ಬೇರೆಯಾಗಿ ಕೂಡಿಸಿ.

ಈಗ ಭಾಗ ಮಾಡುವುದು. ದಾರಿಯನ್ನು ಎರಡು ತುಂಡು ಮಾಡಿದೆವು. ಮೊದಲನೆಯದು ಚನ್ನಪಟ್ಟಣ–ರಾಮನಗರ, ಹೋಗಿಬರಲು 24 ಕಿ.ಮೀ., ದಿನಕ್ಕೆ 230 ರೂಪಾಯಿ. ಇದು ಚನ್ನಪಟ್ಟಣದ ಇಬ್ಬರದ್ದೇ. ಎರಡನೆಯದು ರಾಮನಗರ–ಆಫೀಸು, 96 ಕಿ.ಮೀ., ಟೋಲ್ ಸೇರಿ ಸುಮಾರು 952 ರೂಪಾಯಿ. ಇದು ನಾಲ್ವರದ್ದು. ನಾಲ್ವರೂ ಬಂದ ದಿನ ರಾಮನಗರದವರಿಗೆ ತಲಾ 238, ಚನ್ನಪಟ್ಟಣದವರಿಗೆ ತಲಾ 353.

ಒಬ್ಬರು ರಜೆ ಹಾಕಿದರೆ? 952 ಮೂರು ಪಾಲಾಗಿ ತಲೆಗೆ 317 ಆಗುತ್ತದೆ. "ಅವರು ಊರಿಗೆ ಹೋದ್ರೆ ನನಗ್ಯಾಕೆ 79 ರೂಪಾಯಿ ಜಾಸ್ತಿ?" ಅನ್ನುವ ಪ್ರಶ್ನೆ ಬಂದೇ ಬಂತು. ರಜೆ ಹಾಕಿದವರೂ ಪೂರ್ತಿ ಕೊಡಲಿ ಅಂದರೆ, ಜ್ವರ ಬಂದು ಮಲಗಿದವರಿಗೆ ಅದು ಅನ್ಯಾಯ. ನಾವು ದಿನದ ಲೆಕ್ಕ ಬಿಟ್ಟು ತಿಂಗಳ ಲೆಕ್ಕಕ್ಕೆ ಹೋದೆವು. ಒಂದೊಂದು ತುಂಡಿಗೂ ತಿಂಗಳಿಡೀ ಆದ ಖರ್ಚನ್ನು ಕೂಡಿಸಿ, ಅದನ್ನು ಎಲ್ಲರ ಹಾಜರಿ ದಿನಗಳ ಮೊತ್ತದಿಂದ ಭಾಗಿಸುವುದು.

ಒಂದು ತಿಂಗಳನ್ನು ಬಿಡಿಸಿ ನೋಡಿ. ಕಾರು 22 ದಿನ ಓಡಿತು. ನನ್ನ ಹಾಜರಿ 22, ಚನ್ನಪಟ್ಟಣದ ಇನ್ನೊಬ್ಬರದು 20, ರಾಮನಗರದವರದು 19 ಮತ್ತು 15. ದೊಡ್ಡ ತುಂಡಿನ ಖರ್ಚು 20,935. ಹಾಜರಿ ಒಟ್ಟು 76. ತಲೆಗೆ ದಿನಕ್ಕೆ 275.50. ಸಣ್ಣ ತುಂಡಿನ ಖರ್ಚು 5,069. ಹಾಜರಿ 42. ದಿನಕ್ಕೆ 120.70. ಆ ಪ್ರಕಾರ ನನ್ನ ಪಾಲು 8,716, ಚನ್ನಪಟ್ಟಣದವರದು 7,924, ರಾಮನಗರದವರದು ಸುಮಾರು 5,234 ಮತ್ತು 4,132. ಒಬ್ಬರ ರಜೆಯ ಭಾರ ಯಾರೋ ಒಬ್ಬರ ಮೇಲೆ ಒಂದೇ ದಿನ ಬೀಳದೆ ಎಲ್ಲರ ಮೇಲೂ ತೆಳುವಾಗಿ ಹರಡುತ್ತದೆ. ರಜೆ ಹಾಕಿದವರೂ ತಮ್ಮ ಉಳಿದ ದಿನಗಳ ದರದಲ್ಲಿ ಸ್ವಲ್ಪ ಹೊರುತ್ತಾರೆ.

ಇದಕ್ಕೆ ಒಂದೇ ಕಟ್ಟುಪಾಡು: ಬರುವುದಿಲ್ಲ ಅಂತ ಹಿಂದಿನ ರಾತ್ರಿ 9 ಗಂಟೆಯೊಳಗೆ ಹೇಳಬೇಕು. ಬೆಳಿಗ್ಗೆ ಹೇಳಿದರೆ ಹಾಜರಿ ಹಾಕುತ್ತೇವೆ. ಯಾಕಂದರೆ ರಾತ್ರಿಯೇ ಗೊತ್ತಾದರೆ ಆ ಸೀಟಿಗೆ ರಾಮನಗರದ ಇನ್ನೊಬ್ಬ ಸಹೋದ್ಯೋಗಿಯನ್ನು ಕರೆಯಬಹುದು. ಹಾಗೆ ಬಂದವರ ದಿನವೂ ಹಾಜರಿಗೆ ಸೇರಿ ಎಲ್ಲರ ದರ ಇಳಿಯುತ್ತದೆ. ಸಂಜೆ ಯಾರಾದರೂ ತಡವಾಗಿ ಉಳಿದು ರೈಲಿನಲ್ಲಿ ಬಂದರೆ ಅರ್ಧ ಹಾಜರಿ.

ಈ ಲೆಕ್ಕ ಎಲ್ಲರಿಗೂ ಹೊಂದುತ್ತದೆ ಅಂತ ಹೇಳುವುದಿಲ್ಲ. ರೈಲಿನ ಸೀಸನ್ ಪಾಸಿನ ಮುಂದೆ ಇದು ದುಬಾರಿ. ಸ್ಟೇಷನ್ನಿಂದ ಆಫೀಸು ದೂರ ಇರುವುದರಿಂದ ನಮಗೆ ಸಮಯ ಉಳಿಯುತ್ತದೆ, ಅಷ್ಟೇ. ವೇಗ ಮೀರಿ ಕ್ಯಾಮೆರಾದಲ್ಲಿ ಬಿದ್ದರೆ ದಂಡ ಓಡಿಸಿದವರದು, ಅಂದರೆ ನನ್ನದು. ಆಫೀಸಿನ ದಾರಿಯಲ್ಲಿ ಪಂಕ್ಚರ್ ಆದರೆ ಆ ತಿಂಗಳ ಖರ್ಚಿಗೆ ಸೇರುತ್ತದೆ. ಕಾರಿಗೆ ಗೀರು, ನೆಗ್ಗು ಬಿದ್ದರೆ ಜೊತೆಯವರನ್ನು ಕೇಳುವುದಿಲ್ಲ.

ಸವಕಳಿಯ ದುಡ್ಡನ್ನು ಮಾತ್ರ ನಾನು ಸಂಬಳದ ಖಾತೆಗೆ ಬಿಡುವುದಿಲ್ಲ. ಬೇರೆ ಉಳಿತಾಯ ಖಾತೆ ಇದೆ. ತಿಂಗಳಿಗೆ ಸುಮಾರು 7,100 ರೂಪಾಯಿ, ನನ್ನ ಪಾಲೂ ಸೇರಿ, ಅಲ್ಲಿಗೆ ಹೋಗುತ್ತದೆ. ಟೈರಿನ ಗೆರೆಗಳ ನಡುವೆ ಸಣ್ಣ ರಬ್ಬರ್ ಉಬ್ಬುಗಳಿರುತ್ತವೆ. ಟೈರು ಸವೆದು ಆ ಉಬ್ಬಿಗೆ ಸಮ ಆಯಿತೆಂದರೆ ಉಳಿದ ಆಳ 1.6 ಮಿ.ಮೀ., ಬದಲಿಸಲೇಬೇಕು. ಕಾರಿನ ಮುಂಭಾಗದ ಎರಡು ಟೈರು ಹಾಗೆ ಸಮ ಆದಾಗ ಆ ಖಾತೆಯಿಂದಲೇ ಹಾಕಿಸಿದೆ, ಬಿಲ್ಲನ್ನು ಗುಂಪಿಗೆ ಕಳಿಸಿದೆ. ನಾವು ಹಿಡಿದಿದ್ದ ಬೆಲೆಗಿಂತ ಟೈರು ಸ್ವಲ್ಪ ಅಗ್ಗಕ್ಕೆ ಸಿಕ್ಕಿತ್ತು. ಮುಂದಿನ ತಿಂಗಳಿಂದ 55 ಪೈಸೆಯನ್ನು 50 ಮಾಡಿದೆವು.